ಬಿಟ್ಟು ಹೋದವರ ಹೆಸರು ಹೊರಬರದ ಹಾಗೆ ಎಕ್ಸಿಟ್ ಇಂಟರ್‌ವ್ಯೂ ವರದಿ ಕಟ್ಟಿದ್ದು

ಶಿವಮೊಗ್ಗದಿಂದ ಭದ್ರಾವತಿ ಕಡೆ ಹೋಗುವ ದಾರಿಯಲ್ಲಿ ಒಂದು ಕಾಸ್ಟಿಂಗ್ ಕಾರ್ಖಾನೆಯಲ್ಲಿ ನಾನು ಎಚ್‌ಆರ್ ನೋಡಿಕೊಳ್ಳುತ್ತೇನೆ. ಸುಮಾರು 180 ಜನ ಇದ್ದೇವೆ. ಹೋದ ವರ್ಷ ತುಂಬಾ ಜನ ಕೆಲಸ ಬಿಟ್ಟರು, ಯಾಕೆ ಅಂತ ಒಂದು ವರದಿ ಕೊಡಿ ಅಂತ ಮ್ಯಾನೇಜ್‌ಮೆಂಟ್ ಕೇಳಿತು. ಆ ವರದಿಯನ್ನು ಹೇಗೆ ಕಟ್ಟಿದೆ ಅನ್ನೋದನ್ನ ಇಲ್ಲಿ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇಲ್ಲಿ ಕೊಡುವ ಅಂಕಿಗಳು ಮತ್ತು ವಿಭಾಗಗಳು ನಿಜದವಲ್ಲ, ಬೇಕಂತಲೇ ಬದಲಿಸಿದ್ದೇನೆ. ಲೆಕ್ಕದ ಆಕಾರ ಮಾತ್ರ ಉಳಿಸಿಕೊಂಡಿದ್ದೇನೆ.

ಹೆಸರು ಮುಚ್ಚಿಡೋದು ನಮ್ಮ ಕಡೆ ಯಾಕೆ ಅಷ್ಟು ಮುಖ್ಯ ಅಂದ್ರೆ, ಬಿಟ್ಟವರು ಬೆಂಗಳೂರಿಗೇ ಹೋಗ್ತಾರೆ ಅಂತ ಏನಿಲ್ಲ. ಎಷ್ಟೋ ಜನ ಅದೇ ಮಾಚೇನಹಳ್ಳಿಯಲ್ಲೋ ಸಾಗರ ರಸ್ತೆಯ ಇಂಡಸ್ಟ್ರಿಯಲ್ ಏರಿಯಾದಲ್ಲೋ ಇನ್ನೊಂದು ಶೆಡ್ಡಿಗೆ ಸೇರ್ತಾರೆ. ಅಲ್ಲಿಯ ಪ್ರೊಡಕ್ಷನ್ ಹೆಡ್ಡು ನಮ್ಮವರಿಗೆ ಫೋನ್ ಮಾಡಿ "ಹುಡುಗ ಹೇಗೆ?" ಅಂತ ಕೇಳ್ತಾರೆ. ಹತ್ತು ಸೆಕೆಂಡಿನ ಆ ಫೋನಿನಲ್ಲಿ "ಸ್ವಲ್ಪ ಬಾಯಿ ಜೋರು" ಅಂತ ಒಂದು ಮಾತು ಬಂದರೆ ಸಾಕು, ಅವನ ಕೆಲಸ ಹೋಯ್ತು. ಅವನ ತಮ್ಮನೋ ಭಾವನೋ ಇನ್ನೂ ನಮ್ಮಲ್ಲೇ ಇರ್ತಾರೆ, ಅವರ ಕಥೆ ಬೇರೆ.

ಮಾತಾಡಿಸೋಕೆ ಮುಂಚೆ ಬರೆಸಿಕೊಂಡ ಒಂದು ಪುಟ

ಮೊದಲು ಮಾಡಿದ ಕೆಲಸ ಇಂಟರ್‌ವ್ಯೂ ಅಲ್ಲ. ಒಂದು ಪುಟದ ಒಪ್ಪಂದ ಬರೆದು ಎಂಡಿ ಮತ್ತು ಪ್ಲಾಂಟ್ ಹೆಡ್ ಇಬ್ಬರ ಸಹಿ ಹಾಕಿಸಿಕೊಂಡೆ. ಅದರಲ್ಲಿ ಇದ್ದದ್ದು ಮೂರೇ ವಿಷಯ. ಟಿಪ್ಪಣಿ ಪುಸ್ತಕ ನನ್ನ ಹತ್ತಿರ ಮಾತ್ರ ಇರುತ್ತದೆ, ಯಾರೂ ಕೇಳುವ ಹಾಗಿಲ್ಲ. ಐದಕ್ಕಿಂತ ಕಡಿಮೆ ಜನ ಇರುವ ಯಾವ ಗುಂಪಿನ ಅಂಕಿಯನ್ನೂ ಒಡೆದು ತೋರಿಸುವುದಿಲ್ಲ. ಯಾರು ನನ್ನ ಜೊತೆ ಮಾತಾಡಿದರು, ಯಾರು ಆಗಲ್ಲ ಅಂದರು ಅನ್ನೋದನ್ನೂ ಹೇಳುವುದಿಲ್ಲ.

ಮೂರನೆಯದಕ್ಕೆ ಪ್ಲಾಂಟ್ ಹೆಡ್ ಹುಬ್ಬೇರಿಸಿದರು. "ಅದ್ರಲ್ಲೇನು ಗುಟ್ಟು ಮೇಡಂ, ಬಿಟ್ಟವರ ಪಟ್ಟಿ ಟೈಮ್ ಆಫೀಸಲ್ಲೇ ಇದೆಯಲ್ಲ" ಅಂದರು. ನಿಜ, ಬಿಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತು. ಆದ್ರೆ ಅವರಲ್ಲಿ ಬಾಯಿ ಬಿಟ್ಟವರು ಯಾರು ಅಂತ ಗೊತ್ತಿಲ್ಲದಿದ್ದರೆ "ಇದು ಅವನೇ ಹೇಳಿದ್ದು" ಅಂತ ಯಾರೂ ಖಚಿತವಾಗಿ ಹೇಳೋಕೆ ಆಗಲ್ಲ. ಅಷ್ಟು ಅನುಮಾನವೇ ಒಂದು ರಕ್ಷಣೆ.

ಐದು ಅನ್ನೋ ಸಂಖ್ಯೆ ಕಾನೂನಿನಲ್ಲಿ ಇರೋದಲ್ಲ. ಸಣ್ಣ ಜಾಗದಲ್ಲಿ ಮೂರು ಜನ ಅಂದ್ರೆ ಇಬ್ಬರು ಸೇರಿ ಮೂರನೆಯವರನ್ನು ಹಿಡಿದುಬಿಡ್ತಾರೆ. ಹತ್ತು ಅಂತ ಇಟ್ಟರೆ ನಮ್ಮಷ್ಟು ಸಣ್ಣ ಕಾರ್ಖಾನೆಯಲ್ಲಿ ತೋರಿಸೋಕೆ ಏನೂ ಉಳಿಯಲ್ಲ. ಅದಕ್ಕೇ ಐದು.

ಮಾತಾಡಿಸಿದ್ದು ಕೊನೇ ದಿನ ಅಲ್ಲ. ಕೊನೇ ಸಂಬಳ, ಪಿಎಫ್ ಕಾಗದ, ಎಕ್ಸ್‌ಪೀರಿಯನ್ಸ್ ಲೆಟರ್ ಎಲ್ಲ ಕೈಗೆ ಸಿಕ್ಕ ಮೇಲೆ, ಫೋನಿನಲ್ಲಿ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ. ಕೊನೇ ದಿನ ಕೂರಿಸಿ ಕೇಳಿದರೆ ಬರುವ ಉತ್ತರ ರಾಜೀನಾಮೆ ಪತ್ರದಲ್ಲಿ ಇರುವುದೇ: "ವೈಯಕ್ತಿಕ ಕಾರಣ." ಲೆಟರ್ ಇನ್ನೂ ನಮ್ಮ ಕೈಯಲ್ಲಿದೆ, ಅವರು ಬೇರೆ ಏನು ಹೇಳಿಯಾರು? "ಯಾಕೆ ಬಿಟ್ರಿ?" ಅಂತಲೂ ಕೇಳಲಿಲ್ಲ. ಅದಕ್ಕೆ ಎಲ್ಲರ ಹತ್ತಿರವೂ ಒಂದು ಸಿದ್ಧ ಉತ್ತರ ಇರುತ್ತದೆ. "ಬಿಡಬೇಕು ಅಂತ ಮೊದಲ ಸಲ ಅನ್ನಿಸಿದ್ದು ಯಾವಾಗ? ಆ ದಿನ ಏನಾಗಿತ್ತು?" ಅಂತ ಕೇಳಿದೆ. ಆಗ ಒಂದು ದಿನದ ಕಥೆ ಬರುತ್ತದೆ, ಕಥೆಯೊಳಗೆ ಕಾರಣ ಇರುತ್ತದೆ.

ಫೋನ್ ಶುರುವಾಗುವಾಗಲೇ ಒಂದು ವಿಷಯ ಹೇಳುತ್ತಿದ್ದೆ. ಎಲ್ಲವನ್ನೂ ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡೋಕೆ ನನಗೆ ಆಗಲ್ಲ. ಯಾರ ಜೀವಕ್ಕಾದರೂ ಅಪಾಯ ತರುವ ಮಷಿನ್ ಇದೆ ಅಂತ ಹೇಳಿದರೆ, ಹೇಳಿದವರ ಹೆಸರು ಬಿಟ್ಟು ಮಷಿನ್ ವಿಷಯವನ್ನು ಅವತ್ತೇ ಸೇಫ್ಟಿಯವರಿಗೆ ಮುಟ್ಟಿಸುತ್ತೇನೆ. ಲೈಂಗಿಕ ಕಿರುಕುಳದ ವಿಷಯ ಬಂದರೆ ಅದು ಈ ವರದಿಯಲ್ಲಿ ಒಂದು ಅಂಕಿಯಾಗಿ ಸೇರೋದೇ ಇಲ್ಲ. ಅದಕ್ಕೆ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇದೆ, ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಆ ದಾರಿ ತಿಳಿಸಿ, ದೂರು ಬರೆಯೋಕೆ ಸಹಾಯ ಬೇಕಾ ಅಂತ ಕೇಳುವುದು ನನ್ನ ಕೆಲಸ. ಇಂಥದ್ದನ್ನು "ಮೇಲಿನವರ ನಡವಳಿಕೆ" ಅನ್ನೋ ಸಾಲಿಗೆ ತುರುಕಿ ಮುಚ್ಚಿಹಾಕಬಾರದು.

ಕೊಟ್ಟ ಮಾದರಿಯಲ್ಲಿ ತುಂಬಿ ನೋಡಿದಾಗ

ಮ್ಯಾನೇಜ್‌ಮೆಂಟ್ ಕೊಟ್ಟ ಮಾದರಿ ಹೀಗಿತ್ತು: ಅಡ್ಡಕ್ಕೆ ಕಾರಣಗಳು, ಉದ್ದಕ್ಕೆ ವಿಭಾಗಗಳು, ಪಕ್ಕದಲ್ಲಿ ಬಿಟ್ಟ ತಿಂಗಳು, ಎಷ್ಟು ವರ್ಷದ ಸರ್ವಿಸ್, ಗಂಡೋ ಹೆಣ್ಣೋ. ಹೆಸರಿನ ಕಾಲಂ ಮಾತ್ರ ಇಲ್ಲ. ಹೆಸರು ಇಲ್ಲವಲ್ಲ, ಇನ್ನೇನು ಅಂತ ಅವರ ಲೆಕ್ಕ.

ಹೆಸರು ತೆಗೆದರೆ ಮನುಷ್ಯ ಮರೆಯಾಗಲ್ಲ ಅನ್ನೋದು ಹಳೇ ಪಾಠ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ಕೊಟ್ಟಿದ್ದರು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಅನ್ನೋರು ಅದನ್ನು ಮತದಾರರ ಪಟ್ಟಿಯ ಜೊತೆ ಇಟ್ಟು, ಹುಟ್ಟಿದ ದಿನ, ಲಿಂಗ, ಪಿನ್ ಕೋಡ್ ಮೂರನ್ನೇ ಹೋಲಿಸಿ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹುಡುಕಿ ತೆಗೆದರು. ನಮ್ಮ ಕಾರ್ಖಾನೆಗೆ ಅಷ್ಟೆಲ್ಲ ಕಷ್ಟ ಬೇಕಾಗಿಲ್ಲ. "ಕ್ವಾಲಿಟಿ, ಆಗಸ್ಟ್, ಹೆಣ್ಣು" ಅಂದರೆ ಗೇಟಿನ ವಾಚ್‌ಮನ್ನೂ ಹೆಸರು ಹೇಳ್ತಾರೆ.

ನನ್ನ ಜೊತೆ ಮಾತಾಡಿದವರು 31 ಜನ ಅಂತ ಇಟ್ಟುಕೊಳ್ಳಿ. ಮಷಿನ್ ಶಾಪಿನಿಂದ 14. ಫೆಟ್ಲಿಂಗಿನಿಂದ, ಅಂದ್ರೆ ಎರಕದ ಮೈಮೇಲೆ ಉಳಿದ ಲೋಹವನ್ನು ಗ್ರೈಂಡರ್ ಹಿಡಿದು ತೆಗೆಯುವ ಕಡೆಯಿಂದ, 8. ಮೇಂಟೆನೆನ್ಸ್ 4, ಕ್ವಾಲಿಟಿ 3, ಸ್ಟೋರ್ ಮತ್ತು ಆಫೀಸ್ ಸೇರಿ 2. ಕೊನೆಯ ಮೂರನ್ನೂ ಒಟ್ಟಿಗೆ ಹಾಕಿ "ಉಳಿದ ವಿಭಾಗಗಳು" ಅಂತ ಮಾಡಿದೆ, 9 ಆಯಿತು. ಇನ್ನು ಕಾರಣ ಮತ್ತು ವಿಭಾಗ ಎರಡನ್ನೂ ಕೂಡಿಸಿದ ಕೋಷ್ಟಕ ಹೀಗೆ ಬಂತು:

| ಮುಖ್ಯ ಕಾರಣ | ಮಷಿನ್ ಶಾಪ್ | ಫೆಟ್ಲಿಂಗ್ | ಉಳಿದವು | ಒಟ್ಟು |
|---|---|---|---|---|
| ಪಾಳಿ ಸಮಯ, ಮನೆ ತಲುಪುವ ತೊಂದರೆ | 6 | 3 | 2 | 11 |
| ಸಂಬಳ | 2 | 4 | 1 | 7 |
| ಮೇಲಿನವರ ನಡವಳಿಕೆ | 5 | 0 | 1 | 6 |
| ಕಲಿಯೋಕೆ, ಮೇಲೇರೋಕೆ ದಾರಿ ಇಲ್ಲ | 1 | 0 | 3 | 4 |
| ಮನೆ, ಆರೋಗ್ಯ, ಓದು | 0 | 1 | 2 | 3 |
| ಒಟ್ಟು | 14 | 8 | 9 | 31 |

ಇದು ನನ್ನ ಟೇಬಲ್ ಮೇಲೆ ಮಾತ್ರ ಇರುವ ಕೋಷ್ಟಕ. ಐದರ ನಿಯಮ ಹಾಕಿ ಸಣ್ಣ ಅಂಕಿಗಳ ಜಾಗದಲ್ಲಿ ನಕ್ಷತ್ರ ಇಟ್ಟೆ. ಎಕ್ಸೆಲ್‌ನಲ್ಲಿ ಅದಕ್ಕೆ ಇಷ್ಟೇ ಸಾಕು. ಕಚ್ಚಾ ಪಟ್ಟಿ Raw ಅನ್ನೋ ಹೆಸರಿನ ಟೇಬಲ್, ಅದರಲ್ಲಿ Reason ಮತ್ತು Dept ಅಂತ ಎರಡು ಕಾಲಂ:

```
=IF(COUNTIFS(Raw[[Reason]:[Reason]],$A3,Raw[[Dept]:[Dept]],B$2)<5,"*",COUNTIFS(Raw[[Reason]:[Reason]],$A3,Raw[[Dept]:[Dept]],B$2))
```

ಸೊನ್ನೆಗೂ ನಕ್ಷತ್ರವೇ ಬೀಳುತ್ತದೆ, ಅದು ಹಾಗೇ ಇರಬೇಕು. ಸೊನ್ನೆ ಕಂಡರೆ "ಫೆಟ್ಲಿಂಗಿನವರು ಯಾರೂ ದೂರಿಲ್ಲ" ಅಂತ ಗೊತ್ತಾಗಿ, ದೂರಿದವರು ಯಾರಿರಬಹುದು ಅನ್ನೋ ಪಟ್ಟಿ ಅಷ್ಟು ಚಿಕ್ಕದಾಗುತ್ತದೆ.

ಈಗ ಕೋಷ್ಟಕದ ಒಳಗೆ ಕಾಣುವುದು 6 ಮತ್ತು 5 ಎರಡೇ ಅಂಕಿ. ಸರಿಯಾಯ್ತು ಅನ್ನಿಸುತ್ತದೆ ಅಲ್ವಾ? ಮೇಲಿನವರ ನಡವಳಿಕೆ ಸಾಲನ್ನು ನೋಡಿ. ಒಟ್ಟು 6, ಮಷಿನ್ ಶಾಪ್ 5. ಆರರಲ್ಲಿ ಐದು ಕಳೆದರೆ ಒಂದು. ಮಷಿನ್ ಶಾಪಿನ ಹೊರಗೆ ಒಬ್ಬರೇ ಒಬ್ಬರು ಮೇಲಿನವರ ಬಗ್ಗೆ ದೂರಿದ್ದಾರೆ ಅಂತ ನಕ್ಷತ್ರವೇ ಹೇಳಿಕೊಟ್ಟಿತು. ಸ್ಟೋರಿನ ಇನ್‌ಚಾರ್ಜ್ ಇದನ್ನು ಓದಿದರೆ "ನನ್ನ ಕೈಕೆಳಗಿನಿಂದ ಜಗಳ ಮಾಡಿಕೊಂಡು ಹೋದವನು ಒಬ್ಬನೇ, ಅವನೇ ಇದು" ಅಂತ ತೀರ್ಮಾನ ಮಾಡ್ತಾರೆ. ಅದು ಅವನಲ್ಲದೇ ಇರಬಹುದು. ತಪ್ಪು ಊಹೆ ಇನ್ನೂ ಕೆಟ್ಟದ್ದು, ಏನೂ ಹೇಳದವನ ಮೇಲೆ ಹೇಳಿದವನ ಪಾಪ ಬರುತ್ತದೆ.

ಇದಕ್ಕೆ ಪುಸ್ತಕದ ಪರಿಹಾರ ಒಂದಿದೆ: ಒಂದು ಅಂಕಿ ಮುಚ್ಚಿದರೆ ಅದೇ ಸಾಲಿನಲ್ಲಿ, ಅದೇ ಕಾಲಂನಲ್ಲಿ ಇನ್ನೊಂದನ್ನೂ ಮುಚ್ಚಬೇಕು, ಕಳೆದು ನೋಡಿದರೂ ಸಿಗಬಾರದು. ಹಾಗೆ ಮಾಡಿದರೆ ಆ 5 ಕೂಡ ಹೋಗುತ್ತದೆ, ಮತ್ತೆ ಕೋಷ್ಟಕದಲ್ಲಿ ಉಳಿಯೋದು ಒಂದೇ ಅಂಕಿ. 31 ಜನಕ್ಕೆ ಹದಿನೈದು ಖಾನೆ ಮಾಡಿದರೆ ಇನ್ನೇನಾಗುತ್ತೆ, ಒಂದೊಂದು ಖಾನೆಗೆ ಇಬ್ಬರು. ಅದಕ್ಕೇ ಕಾರಣ ಮತ್ತು ವಿಭಾಗ ಕೂಡಿಸಿದ ಕೋಷ್ಟಕವನ್ನೇ ಕೈಬಿಟ್ಟೆ. ವಿಭಾಗದ ಪಟ್ಟಿ ಬೇರೆ, ಕಾರಣದ ಪಟ್ಟಿ ಬೇರೆ. ಕಾರಣದ ಪಟ್ಟಿಯಲ್ಲಿ ಕೊನೆಯ ಎರಡು ಸಾಲು, 4 ಮತ್ತು 3, ಸೇರಿಸಿ "ಇತರೆ 7" ಮಾಡಿದೆ.

ಐದರ ನಿಯಮ ಕಾಪಾಡದ ಇನ್ನೊಂದು ಜಾಗ ಇದೆ. ಒಂದು ಗುಂಪಿನ ಎಂಟು ಜನವೂ ಒಂದೇ ಕಾರಣ ಹೇಳಿದ್ದಾರೆ ಅಂತಿಟ್ಟುಕೊಳ್ಳಿ. ಎಂಟು ಅನ್ನೋದು ಐದಕ್ಕಿಂತ ದೊಡ್ಡದು, ನಿಯಮ ಪಾಸ್. ಆದ್ರೆ ಆ ಗುಂಪಿನಿಂದ ಹೋದ ಯಾರ ಹೆಸರು ತೆಗೆದುಕೊಂಡರೂ ಅವರು ಏನು ಹೇಳಿದರು ಅಂತ ಖಚಿತವಾಗಿ ಗೊತ್ತಾಯ್ತು. ಹಾಗಾಗಿ ಗುಂಪಿನಲ್ಲಿ ಎಷ್ಟು ಜನ ಅಂತ ನೋಡಿದರೆ ಸಾಲದು, ಅವರ ಮಾತಿನಲ್ಲಿ ಎಷ್ಟು ಬಗೆ ಇದೆ ಅಂತಲೂ ನೋಡಬೇಕು.

ಮಾತುಗಳನ್ನು ತೊಳೆದದ್ದು

ಅಂಕಿಗಿಂತ ಜಾಸ್ತಿ ಹೊತ್ತು ಹಿಡಿದದ್ದು ಮಾತು. ಅಂಕಿ ಮಾತ್ರ ಕೊಟ್ಟರೆ ಮ್ಯಾನೇಜ್‌ಮೆಂಟಿಗೆ ತಲುಪಲ್ಲ. ಆಡಿದ ಮಾತನ್ನೇ ಉದ್ಧರಣ ಚಿಹ್ನೆಯಲ್ಲಿ ಹಾಕಿದರೆ ಆಡಿದವರು ಕಾಣ್ತಾರೆ. ನಮ್ಮಲ್ಲಿ ಭದ್ರಾವತಿಯವರಿದ್ದಾರೆ, ಹೊಳೆಹೊನ್ನೂರು, ಆಯನೂರು, ಕುಂಸಿ ಕಡೆಯವರಿದ್ದಾರೆ, ತೀರ್ಥಹಳ್ಳಿ, ಹೊಸನಗರದಿಂದ ಬಂದು ರೂಮು ಮಾಡಿಕೊಂಡವರಿದ್ದಾರೆ. ಒಬ್ಬರ ಮಾತಿನಲ್ಲಿ ಸಾಲಿಗೊಂದು "ಮಂಡೆಬಿಸಿ" ಬರುತ್ತದೆ. ಒಬ್ಬರು ಹವ್ಯಕರು, ಸಿಟ್ಟು ಬಂದರೆ ಮನೆಮಾತಿಗೇ ಇಳಿದುಬಿಡ್ತಾರೆ. ಇಬ್ಬರದ್ದು ಭದ್ರಾವತಿಯ ತಮಿಳು ಬೆರೆತ ಕನ್ನಡ. ಅವರ ಮಾತನ್ನು ಇದ್ದ ಹಾಗೇ ಟೈಪ್ ಮಾಡಿದರೆ ಕೆಳಗೆ ಸಹಿ ಹಾಕಿಸಿದ ಹಾಗೇ.

ಟಿಪ್ಪಣಿ ಪುಸ್ತಕದಲ್ಲಿ ಇಂಥದ್ದೊಂದು ಮಾತಿತ್ತು (ಇದನ್ನೂ ಬದಲಿಸಿದ್ದೇನೆ): "ಹನ್ನೆರಡಕ್ಕೆ ಬಿಟ್ರೆ ನಾನು ಹೊಳೆಹೊನ್ನೂರು ಸೇರೋದು ಹೆಂಗೆ ಮೇಡಂ? ಮನೇಲಿ ಬಾಣಂತಿ ಹೆಂಡ್ತಿ, ಮಳೇಲಿ ಬೈಕು ಕೈಕೊಡ್ತು, ಅವತ್ತೇ ಬಿಡ್ಬೇಕು ಅನ್ಕೊಂಡೆ." ಊರು ಗೊತ್ತಾಯ್ತು, ಹೆಂಡತಿ ಬಾಣಂತಿ ಅಂತ ಗೊತ್ತಾಯ್ತು, ಬೈಕು ಕೆಟ್ಟ ರಾತ್ರಿ ಗೊತ್ತಾಯ್ತು. ಊರು ಮಾತ್ರ ತೆಗೆದರೆ ಸಾಲದು. ಬಾಣಂತಿ ಅನ್ನೋ ಒಂದು ಪದಕ್ಕೇ ಇಡೀ ಪಾಳಿಯವರು ಹೆಸರು ಹೇಳ್ತಾರೆ, ಯಾಕಂದ್ರೆ ನಾಮಕರಣಕ್ಕೆ ಹೋಗಿ ಊಟ ಮಾಡಿ ಬಂದವರೇ ಅವರು.

ವರದಿಯಲ್ಲಿ ಅದು ಹೀಗೆ ಹೋಯ್ತು: "ಎರಡನೇ ಪಾಳಿಯ ನಂತರ ಓವರ್‌ಟೈಮ್‌ಗೆ ನಿಲ್ಲಿಸಿದ ದಿನ ಮನೆಗೆ ಹೋಗಲು ವಾಹನ ಸಿಗುತ್ತಿರಲಿಲ್ಲ ಎಂದು ಐದಕ್ಕೂ ಹೆಚ್ಚು ಜನ ಹೇಳಿದರು. ಮಳೆಗಾಲದಲ್ಲಿ ಈ ತೊಂದರೆ ಜಾಸ್ತಿ ಎಂದರು." ಸಪ್ಪೆ ಇದೆ, ಒಪ್ಪುತ್ತೇನೆ. ಆದ್ರೆ ಇದರಲ್ಲಿ ಒಬ್ಬರ ಮುಖ ಇಲ್ಲ, ಸರಿಮಾಡಬೇಕಾದ ವಿಷಯ ಪೂರ್ತಿ ಇದೆ. ಮಾತು ಎಷ್ಟೇ ಚೂಪಾಗಿದ್ದರೂ ಒಬ್ಬರೇ ಹೇಳಿದ್ದನ್ನು ವರದಿಗೆ ಹಾಕಲಿಲ್ಲ. ಕಡಿಮೆ ಅಂದ್ರೆ ಐವರ ಕಥೆಯಲ್ಲಿ ಬಂದದ್ದನ್ನು ಮಾತ್ರ, ನನ್ನ ಮಾತಿನಲ್ಲಿ ಬರೆದೆ. ಉದ್ಧರಣ ಚಿಹ್ನೆಯೊಳಗೆ ಒಂದು ಸಾಲೂ ಇಲ್ಲ.

ಕಾರಣಗಳಿಗೆ ಹೆಸರು ಕೊಡುವಾಗ ನಾನೊಬ್ಬಳೇ ಕೂರಲಿಲ್ಲ. ಹೆಸರು, ಊರು ತೆಗೆದ ಟಿಪ್ಪಣಿಗಳನ್ನು ಕಾರ್ಖಾನೆಗೆ ಸಂಬಂಧ ಇಲ್ಲದ ಇನ್ನೊಬ್ಬ ಎಚ್‌ಆರ್ ಗೆಳತಿಗೆ ಓದಿ ಹೇಳಿದೆ, ಅವಳು ತನ್ನ ಪಾಡಿಗೆ ಗುರುತು ಹಾಕಿದಳು, ನಾನು ನನ್ನ ಪಾಡಿಗೆ ಹಾಕಿದೆ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಬೇರೆ ಬೇರೆ ಬಂದದ್ದು ಹೆಚ್ಚಾಗಿ ಎರಡೇ ಸಾಲಿನ ನಡುವೆ: ಪಾಳಿ ಸಮಯ ಮತ್ತು ಮೇಲಿನವರ ನಡವಳಿಕೆ. ನಾನು ಪಾಳಿ ಅಂದದ್ದನ್ನು ಅವಳು ನಡವಳಿಕೆ ಅಂದಿದ್ದಳು, ಅವಳು ಪಾಳಿ ಅಂದದ್ದನ್ನು ನಾನು ನಡವಳಿಕೆ ಅಂದಿದ್ದೆ. ಇಡೀ ಕೆಲಸದಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದದ್ದು ಇದೇ.

ಯಾಕಂದ್ರೆ ಆ ಟಿಪ್ಪಣಿಗಳನ್ನೇ ಮತ್ತೆ ಓದಿದಾಗ ಕಂಡದ್ದು ಒಂದೇ ಕಥೆ. ಎರಡನೇ ಪಾಳಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ಕಂಪನಿ ಬಸ್ಸು ಹತ್ತು ಇಪ್ಪತ್ತಕ್ಕೆ ಹೊರಡುತ್ತದೆ. ಲೋಡು ಬಾಕಿ ಇದ್ದ ದಿನ ಒಂಬತ್ತೂವರೆಗೆ ಬಂದು "ಇವತ್ತು ಹನ್ನೆರಡರ ತನಕ ನಿಲ್ಲಬೇಕು" ಅಂತ ಹೇಳ್ತಾರೆ. ಆಗಲ್ಲ ಅಂದವನಿಗೆ ಒಂದು ಬೈಗುಳ, ಮರುದಿನದಿಂದ ಭಾರದ ಮಷಿನ್ನು. ಆಗಲಿ ಅಂದವನಿಗೆ ಬಸ್ಸು ಇಲ್ಲ. ನಿಂತವನು "ಬಸ್ಸಿಲ್ಲ" ಅಂತ ಬಿಟ್ಟ, ನಿಲ್ಲದವನು "ಬೈದರು" ಅಂತ ಬಿಟ್ಟ. ಕೋಷ್ಟಕದಲ್ಲಿ ಅದು 11 ಮತ್ತು 6 ಅಂತ ಎರಡು ಸಾಲಾಗಿ ಕೂತಿದೆ, ನೆಲದ ಮೇಲೆ ನೋಡಿದರೆ ಓವರ್‌ಟೈಮನ್ನು ಅರ್ಧ ಗಂಟೆ ಮುಂಚೆ ಹೇಳುವ ಒಂದೇ ರೂಢಿ.

ಹೀಗೆ ರೂಢಿಯ ಹೆಸರು ಹೇಳಿದರೆ ಇನ್ನೊಂದು ಅನುಕೂಲ. ಮಷಿನ್ ಶಾಪಿನಲ್ಲಿ ಸೂಪರ್‌ವೈಸರುಗಳು ಬೆರಳೆಣಿಕೆಯಷ್ಟು. "ಮಷಿನ್ ಶಾಪ್ ಸೂಪರ್‌ವೈಸರ್ ನಡವಳಿಕೆ" ಅಂತ ಬರೆದರೆ ಅವರ ಹೆಸರು ಬರೆದ ಹಾಗೇ. ಅವರಿಗೆ ತಮ್ಮ ಕಡೆಯ ಮಾತು ಹೇಳೋಕೆ ಅವಕಾಶವೇ ಸಿಕ್ಕಿಲ್ಲ, ಬೆನ್ನ ಹಿಂದೆ ಬಂದ ಮಾತಿನಿಂದ ಅವರ ಮೇಲೆ ಕ್ರಮ ಆಗಬಾರದು. ಬಿಟ್ಟವರ ಹೆಸರು ಕಾಪಾಡುವುದು ಅಂದರೆ ಇವರ ಹೆಸರನ್ನೂ ಕಾಪಾಡುವುದು. ಲೋಡಿನ ಒತ್ತಡ ಮೇಲಿನಿಂದಲೇ ಒಂಬತ್ತು ಗಂಟೆಗೆ ಬರುತ್ತದೆ ಅಂತಾದರೆ ಅವರು ತಾನೇ ಏನು ಮಾಡಿಯಾರು?

ಅಡಿಕೆ ಕೊಯ್ಲಿನ ಮಾತು

ನಮ್ಮ ಮೀಟಿಂಗುಗಳಲ್ಲಿ ಒಂದು ಮಾತು ಹಳೆಯದು: "ಹುಡುಗರು ಅಡಿಕೆ ಕೊಯ್ಲಿಗೆ ಹೋಗಿಬಿಡ್ತಾರೆ, ಏನೂ ಮಾಡಕ್ಕಾಗಲ್ಲ." ಕೊಯ್ಲಿನಲ್ಲಿ ಕೂಲಿ ಚೆನ್ನಾಗಿ ಸಿಗುತ್ತೆ, ಮನೆಯಲ್ಲಿ ತೋಟ ಇದ್ದವರಿಗೆ ಕೊನೆ ತೆಗೆಸೋಕೆ, ಸುಲಿಸೋಕೆ, ಬೇಯಿಸೋಕೆ ಜನ ಬೇಕು, ಅದೆಲ್ಲ ನಿಜ. ಹಾಗಾದರೆ ಬಿಟ್ಟವರ ಸಂಖ್ಯೆ ಅಕ್ಟೋಬರ್‌ನಿಂದ ಏರಬೇಕು. ತಿಂಗಳು ತಿಂಗಳು ಒಡೆದರೆ ಐದರ ನಿಯಮ ಮುರಿಯುತ್ತದೆ, ಹಾಗಾಗಿ ನಾಲ್ಕು ನಾಲ್ಕು ತಿಂಗಳು ಸೇರಿಸಿದೆ. ಜೂನ್‌ನಿಂದ ಸೆಪ್ಟೆಂಬರ್ 15, ಅಕ್ಟೋಬರ್‌ನಿಂದ ಜನವರಿ 8, ಫೆಬ್ರವರಿಯಿಂದ ಮೇ 8.

ಕೊಯ್ಲಿನ ನಾಲ್ಕು ತಿಂಗಳು ಬೇಸಿಗೆಯಷ್ಟೇ ಇದೆ. ಏರಿದ್ದು ಮಳೆಗಾಲ. ಆಯನೂರು ರಸ್ತೆಯಲ್ಲಿ ಜುಲೈ ರಾತ್ರಿ ಹನ್ನೆರಡೂವರೆಗೆ ಬೈಕಿನಲ್ಲಿ ಹೋಗಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಒಂದೇ ವರ್ಷದ ಲೆಕ್ಕ ಇದು, ಮಳೆಯೇ ಕಾರಣ ಅಂತ ಇಷ್ಟರಿಂದ ಸಾಬೀತಾಗಲ್ಲ ಅಂತ ವರದಿಯಲ್ಲೂ ಬರೆದೆ. ಆದ್ರೆ ಅಡಿಕೆಯೇ ಕಾರಣ ಅನ್ನೋ ಮಾತು ಈ ಅಂಕಿಯ ಮುಂದೆ ನಿಲ್ಲಲ್ಲ.

ವಿಭಾಗದ ಪಟ್ಟಿಗೂ ಒಂದು ಕಾಲಂ ಸೇರಿಸಿದೆ: ಅಲ್ಲಿ ಒಟ್ಟು ಎಷ್ಟು ಜನ ಕೆಲಸ ಮಾಡ್ತಾರೆ ಅನ್ನೋದು. ಮಷಿನ್ ಶಾಪಿನಲ್ಲಿ 70 ಜನಕ್ಕೆ 14, ಅಂದ್ರೆ ನೂರಕ್ಕೆ 20. ಫೆಟ್ಲಿಂಗಿನಲ್ಲಿ 25 ಜನಕ್ಕೆ 8, ನೂರಕ್ಕೆ 32. ಉಳಿದ ಕಡೆ 85ಕ್ಕೆ 9, ನೂರಕ್ಕೆ 11ರ ಹತ್ತಿರ. ಬರೀ 14 ಮತ್ತು 8 ನೋಡಿದರೆ ಎಲ್ಲರ ಕಣ್ಣೂ ಮಷಿನ್ ಶಾಪಿನ ಮೇಲೆ. ಹೆಚ್ಚು ಸೋರುತ್ತಿರುವುದು ಫೆಟ್ಲಿಂಗು. ಮಾತಾಡೋಕೆ ಸಿಗದ ಕೆಲವರೂ ಇದ್ದಾರೆ, ಹಾಗಾಗಿ ಈ ಅಂಕಿಗಳು ಕನಿಷ್ಠ ಅಂತ ಕೆಳಗೆ ಒಂದು ಸಾಲು ಬರೆದೆ.

ಕೊಡೋ ಮುಂಚೆ

ಕರಡು ಮುಗಿದ ಮೇಲೆ ಬಿಟ್ಟವರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ವಾಕ್ಯಕ್ಕೂ ಕೇಳಿಕೊಂಡೆ: ಇದು ಎಷ್ಟು ಜನಕ್ಕೆ ಹೊಂದುತ್ತದೆ? ಐದಕ್ಕಿಂತ ಕಡಿಮೆ ಬಂದರೆ ಆ ವಾಕ್ಯ ಮತ್ತೆ ಬರೆಯಬೇಕು. ಆಮೇಲೆ ನಮ್ಮ ಟೈಮ್ ಆಫೀಸಿನಿಂದ ನಿವೃತ್ತರಾದ ಒಬ್ಬರ ಮನೆಗೆ ಹೋಗಿ, ಮ್ಯಾನೇಜ್‌ಮೆಂಟಿಗೆ ಹೋಗಬೇಕಾದ ಪ್ರತಿಯನ್ನೇ, ಒಂದಕ್ಷರ ಹೆಚ್ಚು ತೋರಿಸದೆ, ಓದಿಸಿದೆ. ಅವರಿಗೆ ಇಡೀ ಕಾರ್ಖಾನೆಯ ಜಾತಕ ಗೊತ್ತು. "ಯಾರು ಅಂತ ಹೇಳಿ ನೋಡೋಣ ಸರ್" ಅಂದೆ.

ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿ, ಒಂದು ಕಡೆ ಬೆರಳಿಟ್ಟು "ಇದು ಡಿಪ್ಲೊಮಾ ಮಾಡಿದ ಆ ಹುಡುಗಿ ಅಲ್ವಾ?" ಅಂದರು. "ಹೆಚ್ಚಿನ ಓದಿಗೆ ರಜೆ ಹೊಂದಿಸಿಕೊಡಲಿಲ್ಲ" ಅನ್ನೋ ಸಾಲು ಅದು. ಹಲವರು ಹೇಳಿದ್ದೇ, ಆದರೆ ಓದುತ್ತಿದ್ದಾಳೆ ಅಂತ ಎಲ್ಲರಿಗೂ ಗೊತ್ತಿದ್ದದ್ದು ಒಬ್ಬಳೇ. ನಾನು ಹೌದು, ಅಲ್ಲ ಏನೂ ಹೇಳಲಿಲ್ಲ. ಮನೆಗೆ ಬಂದು ಆ ಸಾಲನ್ನು "ರಜೆಯನ್ನು ಮುಂಚಿತವಾಗಿ ಯೋಜಿಸಲು ಆಗುತ್ತಿರಲಿಲ್ಲ" ಅಂತ ಬದಲಿಸಿದೆ.

ಇನ್ನು ಫೈಲು. ಇದನ್ನು ಎಷ್ಟೋ ಜನ ಮರೀತಾರೆ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಮಾಡಿ, ಕಚ್ಚಾ ಶೀಟು ಅಳಿಸಿ, ಪಿವಟ್ ಮಾತ್ರ ಕಳಿಸಿದರೆ ಸುರಕ್ಷಿತ ಅಂತ ಅಂದುಕೊಳ್ತಾರೆ. ಪಿವಟ್‌ನ ಒಂದು ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ನೋಡಿ, ಆ ಅಂಕಿಯ ಹಿಂದಿನ ಎಲ್ಲ ಸಾಲುಗಳೂ, ಹೆಸರಿದ್ದರೆ ಹೆಸರಿನ ಸಮೇತ, ಹೊಸ ಶೀಟಿನಲ್ಲಿ ಬಂದು ಕೂರುತ್ತವೆ. ಮೂಲ ಮಾಹಿತಿಯ ಒಂದು ಪ್ರತಿ ಸಾಮಾನ್ಯವಾಗಿ ಫೈಲಿನೊಳಗೇ ಉಳಿದಿರುತ್ತದೆ, ಅದಕ್ಕೆ. ನಾನು ಅಂಕಿಗಳನ್ನು ಹೊಸ ಡಾಕ್ಯುಮೆಂಟಿನಲ್ಲಿ ಕೈಯಾರೆ ಟೈಪ್ ಮಾಡಿ ಪಿಡಿಎಫ್ ಮಾಡಿದೆ. ಎಕ್ಸೆಲ್ ಫೈಲೇ ಬೇಕು ಅಂದರೆ ಹೊಸ ವರ್ಕ್‌ಬುಕ್ ತೆರೆದು Paste Special ನಲ್ಲಿ Values ಮಾತ್ರ ಹಾಕಿ, ಆಮೇಲೆ File, Info, Check for Issues, Inspect Document ಓಡಿಸಿ ಅಡಗಿದ ಶೀಟು, ಕಾಮೆಂಟು ಇವೆಯಾ ಅಂತ ನೋಡಿ.

ವರದಿ ಒಟ್ಟು ಎರಡು ಪುಟ. ಮೀಟಿಂಗಿನಲ್ಲಿ ಪ್ಲಾಂಟ್ ಹೆಡ್ ಓದಿ ಮುಗಿಸಿ, ನಿರೀಕ್ಷಿಸಿದ್ದನ್ನೇ ಕೇಳಿದರು. "ಹೆಸರು ಬೇಡ ಮೇಡಂ. ಯಾರ ಪಾಳಿ, ಅಷ್ಟು ಹೇಳಿ ಸಾಕು."

"ಪಾಳಿ ಹೇಳಿದರೆ ಹೆಸರು ಹೇಳಿದ ಹಾಗೇ ಸರ್. ಓವರ್‌ಟೈಮ್ ರಿಜಿಸ್ಟರ್ ನಿಮ್ಮ ಹತ್ತಿರವೇ ಇದೆ, ಎಷ್ಟು ಗಂಟೆಗೆ ಹೇಳಿದ್ದಾರೆ ಅಂತ ಅದನ್ನೇ ನೋಡಬಹುದು" ಅಂದೆ. ರಿಜಿಸ್ಟರಿನಲ್ಲಿ ಎಷ್ಟು ಗಂಟೆ ದುಡಿದರು ಅಂತ ಇತ್ತು, ಎಷ್ಟು ಹೊತ್ತಿಗೆ ಹೇಳಿದರು ಅನ್ನೋ ಕಾಲಮ್ಮೇ ಇರಲಿಲ್ಲ. ಆ ಕಾಲಂ ಈಗ ಸೇರಿದೆ. ಓವರ್‌ಟೈಮ್ ಇದ್ದರೆ ಸಂಜೆ ಏಳರೊಳಗೆ ಹೇಳಬೇಕು, ಆ ದಿನ ಹನ್ನೆರಡು ಕಾಲಿಗೆ ಇನ್ನೊಂದು ಟ್ರಿಪ್ ಬಸ್ಸು ಅಂತ ಆಯ್ತು. ಸಂಬಳದ ವಿಷಯವನ್ನು ಮುಂದಿನ ಮೀಟಿಂಗಿಗೆ ತಳ್ಳಿದ್ದಾರೆ. ಅದು ಎಷ್ಟು ಮುಂದೆ ಹೋಗುತ್ತೋ ಗೊತ್ತಿಲ್ಲ, ಬಸ್ಸಿಗಿಂತ ದುಬಾರಿ ಕೆಲಸ ಅದು.

ಎಂಡಿ ಇನ್ನೊಂದು ಕೇಳಿದರು: ಚೆನ್ನಾಗಿದೆ, ಇನ್ನು ಮೂರು ತಿಂಗಳಿಗೊಮ್ಮೆ ಇದನ್ನೇ ಹೊಸ ಅಂಕಿ ಸೇರಿಸಿ ಕೊಡಿ ಅಂತ. ಅದಕ್ಕೆ ಒಪ್ಪಲಿಲ್ಲ. ಈಗ ಸಂಬಳ 7 ಇದೆ, ಮುಂದಿನ ವರದಿಯಲ್ಲಿ 8 ಆದರೆ ಎರಡನ್ನೂ ಪಕ್ಕದಲ್ಲಿಟ್ಟು ಕಳೆದರೆ ಆ ಮೂರು ತಿಂಗಳಲ್ಲಿ ಬಿಟ್ಟವರಲ್ಲಿ ಒಬ್ಬರು ಸಂಬಳ ಅಂದರು ಅಂತ ಆಗುತ್ತದೆ. ಬಿಟ್ಟವರು ಇಬ್ಬರೇ ಆಗಿದ್ದರೆ? ಹಾಗಾಗಿ ವರ್ಷಕ್ಕೊಂದೇ ವರದಿ, ಹಳೆಯ ವರ್ಷದ ಅಂಕಿಗೆ ಸೇರಿಸದೆ ಬೇರೆಯಾಗಿ. ನಡುವೆ ತುರ್ತಾದ ವಿಷಯ ಬಂದರೆ ಅಂಕಿ ಇಲ್ಲದೆ, ರೂಢಿಯ ಹೆಸರು ಮಾತ್ರ ಬಾಯಿಮಾತಿನಲ್ಲಿ. ಟಿಪ್ಪಣಿ ಪುಸ್ತಕ ನನ್ನ ಬೀರುವಿನಲ್ಲಿದೆ, ಮುಂದಿನ ವರ್ಷದ ವರದಿ ಕೊಟ್ಟ ದಿನ ಅದನ್ನು ಹರಿದುಹಾಕುವುದು ಅಂತ ಅದೇ ಒಪ್ಪಂದದ ಪುಟದ ಕೆಳಗೆ ಒಂದು ಸಾಲು ಸೇರಿಸಿ ಮತ್ತೆ ಇಬ್ಬರ ಸಹಿ ತೆಗೆದುಕೊಂಡೆ.